ಯಂತ್ರ ತಪ್ಪಾಗಿ ಕೇಳಿಸಿಕೊಂಡ ಪದಗಳು: ಸರಿಯಾದ ಪಟ್ಟಿಯನ್ನು ಮರಳಿ ಕಟ್ಟುವ ಬಗೆ

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಿಮ್ಮಲ್ಲಿ ನರ್ಸಿಂಗ್, ಫಾರ್ಮಸಿ ಮತ್ತು ಪ್ಯಾರಾಮೆಡಿಕಲ್ ಓದುತ್ತಿರುವವರು ಅನೇಕರಿದ್ದೀರಿ. ತರಗತಿಯ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅದನ್ನು ಯಂತ್ರದಿಂದಲೇ ಬರಹಕ್ಕೆ ಇಳಿಸಿ, ಆ ಬರಹವನ್ನೇ ನೋಟ್ಸ್ ಎಂದು ಇಟ್ಟುಕೊಳ್ಳುವ ಅಭ್ಯಾಸ ಈಗ ಸಾಮಾನ್ಯವಾಗಿದೆ. ಯೂಟ್ಯೂಬ್ 2009ರಲ್ಲಿ ತಾನಾಗಿಯೇ ಮೂಡುವ ಅಡಿಬರಹವನ್ನು ಆರಂಭಿಸಿದಾಗ ಅದು ಒಂದು ಕೌತುಕವಾಗಿತ್ತು. ಇಂದು ಅದು ಕೈಗೆ ಸಿಗುವ ಸಾಧಾರಣ ಸೌಲಭ್ಯ. ಅದನ್ನು ಬಳಸಬೇಡಿ ಎಂದು ಹೇಳಲು ನಾನು ಬಂದಿಲ್ಲ. ಆ ಬರಹದಲ್ಲಿ ಪಾರಿಭಾಷಿಕ ಪದಗಳು ಕೆಟ್ಟಿರುವಾಗ, ಸರಿಯಾದ ಪದಗಳ ಪಟ್ಟಿಯನ್ನು ಮರಳಿ ಕಟ್ಟುವುದು ಹೇಗೆ ಎಂಬ ಒಂದೇ ವಿಷಯವನ್ನು ಒಂದು ಉದಾಹರಣೆಯ ಮೂಲಕ ನಿಮ್ಮ ಮುಂದಿಡುತ್ತೇನೆ.

ಯಂತ್ರ ಎಲ್ಲಿ ಎಡವುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ. ಅಧ್ಯಾಪಕರು ನಿಮಿಷಕ್ಕೆ 120 ಪದ ಮಾತನಾಡಿದರೆ 50 ನಿಮಿಷದ ಪಾಠದಲ್ಲಿ 6,000 ಪದಗಳಾದವು. ಯಂತ್ರ ನೂರಕ್ಕೆ 95 ಪದಗಳನ್ನು ಸರಿಯಾಗಿ ಬರೆಯಿತು ಎಂದುಕೊಳ್ಳಿ. ಕೇಳಲು ಒಳ್ಳೆಯ ಅಂಕ. ಆದರೂ 300 ಪದಗಳು ತಪ್ಪಾದವು. ಆ 300 ಪದಗಳು ಪಾಠದ ಉದ್ದಕ್ಕೂ ಸಮನಾಗಿ ಹರಡಿರುವುದಿಲ್ಲ. "ಆದ್ದರಿಂದ", "ರೋಗಿ", "ರಕ್ತ" ಮೊದಲಾದ ಪದಗಳಲ್ಲಿ ಯಂತ್ರ ಅಪರೂಪಕ್ಕೆ ತಪ್ಪುತ್ತದೆ. ತಪ್ಪುಗಳು ಬಂದು ಸೇರುವುದು ಔಷಧದ ಹೆಸರು, ಕಾಯಿಲೆಯ ಹೆಸರು, ಅಂಗದ ಹೆಸರುಗಳಲ್ಲಿ. ಅಂದರೆ ಪಾಠದ ತಿರುಳಿನಲ್ಲಿಯೇ.

ಇದಕ್ಕೆ ಕಾರಣವಿದೆ. ಯಂತ್ರವು ಕೇವಲ ಧ್ವನಿಯನ್ನು ನೋಡಿ ಬರೆಯುವುದಿಲ್ಲ. ಕೇಳಿಬಂದ ಧ್ವನಿಗೆ ಯಾವ ಯಾವ ಪದಗಳು ಹೊಂದಬಹುದು, ಅವುಗಳಲ್ಲಿ ಜನರು ಹೆಚ್ಚಾಗಿ ಬಳಸುವ ಪದಜೋಡಣೆ ಯಾವುದು, ಇವೆರಡನ್ನೂ ತೂಗಿ ಒಂದನ್ನು ಆರಿಸುತ್ತದೆ. ಅಪರೂಪದ ಪದ ಬಂದಾಗ ಎರಡನೆಯ ತಟ್ಟೆ ಭಾರವಾಗುತ್ತದೆ. ಆಗ ಆ ಒಂದು ಉದ್ದ ಪದವನ್ನು ಒಡೆದು, ಅದೇ ಧ್ವನಿಯ ಮೂರು ನಾಲ್ಕು ಸಾಮಾನ್ಯ ಪದಗಳನ್ನಾಗಿ ಬರೆಯುತ್ತದೆ. ಇಲ್ಲವೇ ಅದಕ್ಕೆ ಹತ್ತಿರವಾದ, ತನಗೆ ಹೆಚ್ಚು ಪರಿಚಯವಿರುವ ಇನ್ನೊಂದು ಪದವನ್ನು ಇಡುತ್ತದೆ.

ಹೀಗೆ ಎರಡು ಬಗೆಯ ತಪ್ಪುಗಳು ಹುಟ್ಟುತ್ತವೆ. ಒಂದು, ಓದಿದೊಡನೆ ಅರ್ಥವಿಲ್ಲವೆಂದು ತಿಳಿಯುವ ತಪ್ಪು. ಇನ್ನೊಂದು, ಸರಿಯಾದ ಅಕ್ಷರಗಳಲ್ಲಿ ಬರೆದ, ನಿಘಂಟಿನಲ್ಲಿಯೂ ಸಿಗುವ, ಆದರೆ ಅಧ್ಯಾಪಕರು ಹೇಳದೇ ಇದ್ದ ಪದ. ಮೊದಲನೆಯದು ನಗು ತರಿಸುತ್ತದೆ, ಅಷ್ಟೇ. ಎರಡನೆಯದು ನೋಟ್ಸಿನಲ್ಲಿ ಸದ್ದಿಲ್ಲದೆ ಕುಳಿತು ಪರೀಕ್ಷೆಯವರೆಗೆ, ಕೆಲವೊಮ್ಮೆ ವಾರ್ಡಿನವರೆಗೆ ನಿಮ್ಮ ಜೊತೆ ಬರುತ್ತದೆ. ಸ್ಪೆಲ್ಲಿಂಗ್ ಪರೀಕ್ಷಿಸುವ ಸೌಲಭ್ಯ ಅದರ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ, ಏಕೆಂದರೆ ಸ್ಪೆಲ್ಲಿಂಗ್ ಸರಿಯಾಗಿಯೇ ಇದೆ. ಯಂತ್ರಗಳು ಸುಧಾರಿಸಿದಂತೆ ಮೊದಲ ಬಗೆಯ ತಪ್ಪು ಕಡಿಮೆಯಾಗುತ್ತದೆ. ಉಳಿಯುವ ತಪ್ಪುಗಳಲ್ಲಿ ಎರಡನೆಯ ಬಗೆಯದೇ ಹೆಚ್ಚು. ಆದ್ದರಿಂದ ನಾನು ಹೇಳುವ ವಿಧಾನವೆಲ್ಲ ಮುಖ್ಯವಾಗಿ ಈ ಎರಡನೆಯ ಬಗೆಯನ್ನು ಹಿಡಿಯುವುದಕ್ಕಾಗಿ.

ಒಂದೇ ರೀತಿ ಕೇಳಿಸುವ ಹೆಸರುಗಳ ಅಪಾಯ ಯಂತ್ರದಿಂದ ಹುಟ್ಟಿದ್ದಲ್ಲ ಎಂಬುದನ್ನೂ ನೆನಪಿಡಿ. ಅಮೆರಿಕದಲ್ಲಿ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಲೋಸೆಕ್ ಎಂಬ ಮಾತ್ರೆ, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಜೊತೆ ಗೊಂದಲಕ್ಕೆ ಕಾರಣವಾಯಿತು. ಅದಕ್ಕಾಗಿ 1990ರಲ್ಲಿ ಅಲ್ಲಿ ಲೋಸೆಕ್ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರೋಗಿಗಳ ಸುರಕ್ಷತೆಗಾಗಿ ಪ್ರಕಟಿಸಿದ ಸಲಹೆಗಳಲ್ಲಿ ನೋಡಲು ಮತ್ತು ಕೇಳಲು ಒಂದೇ ತೆರನಾದ ಔಷಧದ ಹೆಸರುಗಳೂ ಒಂದು ವಿಷಯವಾಗಿದ್ದವು. ಮನುಷ್ಯರ ಕಿವಿಯೇ ಎಡವುವ ಜಾಗದಲ್ಲಿ ಯಂತ್ರ ಎಡವುವುದು ಆಶ್ಚರ್ಯವಲ್ಲ.

ಒಂದು ಮಾದರಿ ಪಾಠ

ಈಗ ಉದಾಹರಣೆಗೆ ಬರೋಣ. ವಿಷಯ, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚುವುದು ಮತ್ತು ಕುಗ್ಗುವುದು. ಇಂತಹ ಪಾಠಗಳ ಯಂತ್ರಬರಹದಲ್ಲಿ ಬರಬಹುದಾದ ತಪ್ಪುಗಳನ್ನು ಒಂದೆಡೆ ಸೇರಿಸಿ ನಾನು ಮಾಡಿದ ಮಾದರಿ ಇದು. ಎಡಗಡೆ ಇರುವುದು ರೆಕಾರ್ಡಿಂಗಿನ ನಿಮಿಷ ಮತ್ತು ಸೆಕೆಂಡು.

```
12:40  in hypercalcemia the T wave is tall and peaked
13:05  first give calcium gluconate ten ml slowly
14:30  spy on a lactone blocks all dust around
15:10  Lasix causes hyper Kelly Mia Andre potassium goes down
16:20  digoxin patient be careful hypercalcemia is a danger
17:45  he was taking an april tablet for BP
```

ಆರು ಸಾಲುಗಳನ್ನು ಒಮ್ಮೆ ಓದಿ. ಮೂರನೆಯ, ನಾಲ್ಕನೆಯ ಮತ್ತು ಆರನೆಯ ಸಾಲಿನ ಅಧ್ವಾನ ಯಾರಿಗಾದರೂ ಕಾಣುತ್ತದೆ. ಮೊದಲನೆಯ ಸಾಲು ಎಷ್ಟು ಸಲೀಸಾಗಿದೆ ನೋಡಿ. ವ್ಯಾಕರಣ ಸರಿ, ಪದ ಸರಿ. ಆದರೆ ಇಡೀ ಮಾದರಿಯಲ್ಲಿ ಅತಿ ದೊಡ್ಡ ತಪ್ಪು ಇರುವುದು ಅಲ್ಲಿಯೇ.

ಮೊದಲ ಕೆಲಸ: ತಿದ್ದಬೇಡಿ, ಗುರುತು ಹಾಕಿ

ಯಂತ್ರ ಕೊಟ್ಟ ಬರಹವನ್ನು ಹಾಗೆಯೇ ಒಂದು ಕಡೆ ತೆಗೆದಿಡಿ. ಅದರ ನಕಲಿನ ಮೇಲೆ ಕೆಲಸ ಮಾಡಿ. ಕಂಡ ತಪ್ಪನ್ನು ಕಂಡಲ್ಲೇ ತಿದ್ದುತ್ತಾ ಹೋದರೆ, ಯಂತ್ರ ಯಾವ ಧ್ವನಿಯನ್ನು ಏನೆಂದು ಕೇಳಿಸಿಕೊಂಡಿತ್ತು ಎಂಬ ಸುಳಿವೇ ಅಳಿಸಿಹೋಗುತ್ತದೆ. ಆ ಸುಳಿವು ಮುಂದೆ ಬೇಕಾಗುತ್ತದೆ.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಸಮಯ, ಎರಡನೆಯದರಲ್ಲಿ ಯಂತ್ರ ಬರೆದದ್ದು, ಮೂರನೆಯದರಲ್ಲಿ ಇರಬಹುದಾದ ಪದ, ನಾಲ್ಕನೆಯದರಲ್ಲಿ ಅದು ಹೇಗೆ ಖಚಿತವಾಯಿತು ಎಂಬುದು. ತಪ್ಪು ಕಂಡ ಪದಗಳನ್ನು ಮಾತ್ರ ಬರೆದುಕೊಂಡರೆ ಸಾಲದು. ಸರಿ ಎಂದು ಕಾಣುವ ಪಾರಿಭಾಷಿಕ ಪದಗಳೂ ಎರಡನೆಯ ಕಾಲಮಿಗೆ ಬರಬೇಕು. ಮೊದಲ ಸಾಲಿನ ಹೈಪರ್‌ಕ್ಯಾಲ್ಸೀಮಿಯ ಸರಿಯಾಗಿ ಕಾಣುತ್ತದೆ ಎಂದು ನೀವು ಬಿಟ್ಟುಬಿಟ್ಟರೆ ಅದನ್ನು ಪರೀಕ್ಷಿಸುವ ಸಂದರ್ಭವೇ ಬರುವುದಿಲ್ಲ.

ನಂತರ ಒಂದೇ ಪದದ ಬೇರೆ ಬೇರೆ ರೂಪಗಳನ್ನು ಒಟ್ಟಿಗೆ ತನ್ನಿ. ಒಂದು ಪಾಠದಲ್ಲಿ ಆಲ್ಡೋಸ್ಟೆರೋನ್ ಎಂಬ ಹಾರ್ಮೋನಿನ ಹೆಸರು ಎಂಟು ಸಲ ಬಂದಿದ್ದರೆ ಯಂತ್ರ ಅದನ್ನು ಎಂಟೂ ಸಲ ಒಂದೇ ರೀತಿ ಕೆಡಿಸುವುದಿಲ್ಲ. ಅಧ್ಯಾಪಕರು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದ ಒಂದು ಕಡೆ ಅದು ಸರಿಯಾಗಿಯೇ ಬಂದಿರಬಹುದು. ಸಾಮಾನ್ಯವಾಗಿ ಅಧ್ಯಾಪಕರು ಹೊಸ ಪದವನ್ನು ಮೊದಲ ಸಲ ಹೇಳುವಾಗ ಬಿಡಿಸಿ ಹೇಳುತ್ತಾರೆ, ಬೋರ್ಡಿನ ಮೇಲೆ ಬರೆಯುತ್ತಾರೆ. ಆದ್ದರಿಂದ ಮೊದಲ ಸಲ ಬಂದ ಜಾಗವನ್ನು ಮೊದಲು ಹುಡುಕಿ. ಕೆಟ್ಟ ರೂಪಗಳನ್ನು ಕಣ್ಣಿನಿಂದ ಓದಬೇಡಿ, ಬಾಯಿಬಿಟ್ಟು ವೇಗವಾಗಿ ಓದಿ. "ಆಲ್ ಡಸ್ಟ್ ಅರೌಂಡ್" ಎಂದು ಎರಡು ಮೂರು ಸಲ ಗಟ್ಟಿಯಾಗಿ ಹೇಳಿದರೆ ಆಲ್ಡೋಸ್ಟೆರೋನ್ ತಾನಾಗಿ ಕಿವಿಗೆ ಬೀಳುತ್ತದೆ. "ಸ್ಪೈ ಆನ್ ಎ ಲ್ಯಾಕ್ಟೋನ್" ಎಂಬುದು ಸ್ಪೈರೊನೊಲ್ಯಾಕ್ಟೋನ್ ಎಂಬುದೂ ಹಾಗೆಯೇ ತಿಳಿಯುತ್ತದೆ.

ನಮ್ಮ ಕಡೆಯ ತರಗತಿಗಳಲ್ಲಿ ಇನ್ನೊಂದು ವಿಚಿತ್ರವಿದೆ. ಅಧ್ಯಾಪಕರು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಾ ನಡುವೆ "ನೋಡಿ", "ಅಲ್ವಾ", "ಅಂದ್ರೆ" ಎನ್ನುತ್ತಾರೆ. ಇಂಗ್ಲಿಷಿಗೆ ಹೊಂದಿಸಿದ ಯಂತ್ರಕ್ಕೆ ಕನ್ನಡ ಗೊತ್ತಿಲ್ಲ. ಅದು ಆ ಧ್ವನಿಗೂ ಒಂದು ಇಂಗ್ಲಿಷ್ ಪದ ಹುಡುಕುತ್ತದೆ. ನಾಲ್ಕನೆಯ ಸಾಲಿನಲ್ಲಿರುವ `Andre` ಯಾವ ವಿಜ್ಞಾನಿಯ ಹೆಸರೂ ಅಲ್ಲ, ಯಾವ ಚಿಹ್ನೆಯ ಹೆಸರೂ ಅಲ್ಲ. ಅದು ನಮ್ಮ "ಅಂದ್ರೆ". ದೊಡ್ಡ ಅಕ್ಷರದಿಂದ ಆರಂಭವಾಗಿ ಪಾಠದಲ್ಲಿ ಮೇಲಿಂದ ಮೇಲೆ ಬರುವ, ಪುಸ್ತಕದಲ್ಲಿ ಎಲ್ಲಿಯೂ ಸಿಗದ ಹೆಸರು ಕಂಡರೆ, ಅದನ್ನು ಪಾರಿಭಾಷಿಕ ಪದಗಳ ಪಟ್ಟಿಗೆ ಸೇರಿಸುವ ಮೊದಲು ಕನ್ನಡದಲ್ಲಿ ಓದಿ ನೋಡಿ.

ಎರಡನೆಯ ಕೆಲಸ: ಪದವನ್ನು ಬಿಡಿಸಿ ನೋಡಿ

ಮೂರನೆಯ ಕಾಲಮಿಗೆ ಪದಗಳನ್ನು ಎಲ್ಲಿಂದ ತರಬೇಕು? ಇಡೀ ವೈದ್ಯಕೀಯ ನಿಘಂಟಿನಿಂದ ಅಲ್ಲ. ಅಲ್ಲಿ ಯಾವ ಧ್ವನಿಗೂ ಹತ್ತು ಪದಗಳು ಸಿಗುತ್ತವೆ. ಆ ದಿನದ ಪಾಠಕ್ಕೆ ಸಂಬಂಧಿಸಿದ ಅಧ್ಯಾಯ, ಅಧ್ಯಾಪಕರ ಸ್ಲೈಡು, ಸಿಲಬಸ್‌ನ ಆ ಘಟಕ, ಇಷ್ಟರಿಂದ ಐವತ್ತು ಅರವತ್ತು ಪದಗಳ ಒಂದು ಪಟ್ಟಿ ಮಾಡಿಕೊಳ್ಳಿ. ಅದರಲ್ಲಿ ಸಿಗದಿದ್ದರೆ ಮಾತ್ರ ಪುಸ್ತಕದ ಕೊನೆಯ ಪದಸೂಚಿಗೆ ಹೋಗಿ.

ಇಲ್ಲಿ ಪದದ ಮೂಲ ತಿಳಿದಿದ್ದರೆ ಬಹಳ ಅನುಕೂಲ. ಹೈಪರ್‌ಕಲೀಮಿಯ ಎಂಬ ಪದದಲ್ಲಿ ಮೂರು ತುಂಡುಗಳಿವೆ. ಹೈಪರ್ ಎಂದರೆ ಹೆಚ್ಚು. ಹೈಪೋ ಎಂದರೆ ಕಡಿಮೆ. ಕೊನೆಯ "ಈಮಿಯ" ಗ್ರೀಕ್ ಭಾಷೆಯ ರಕ್ತ ಎಂಬ ಪದದಿಂದ ಬಂದದ್ದು. ನಡುವಿನ "ಕಲ್" ಕೇಲಿಯಂ ಎಂಬುದರಿಂದ ಬಂದದ್ದು. ಪೊಟ್ಯಾಸಿಯಂನ ಲ್ಯಾಟಿನ್ ಹೆಸರು ಅದು. ಆದ್ದರಿಂದಲೇ ಅದರ ಚಿಹ್ನೆ `K`. ಈ ಕೇಲಿಯಂ ಮೂಲದಲ್ಲಿ ಅರಬ್ಬಿ ಪದ. ಗಿಡಗಳನ್ನು ಸುಟ್ಟು ಪಡೆಯುವ ಬೂದಿಗೆ ಅರಬ್ಬಿಯಲ್ಲಿ "ಅಲ್-ಖಲಿ" ಎನ್ನುತ್ತಿದ್ದರು. ಅದೇ ಯೂರೋಪಿಗೆ ಹೋಗಿ ಆಲ್ಕಲಿ ಆಯಿತು, ಅದರಿಂದ ಕೇಲಿಯಂ ಬಂತು. ಕ್ಯಾಲ್ಸಿಯಂ ಬೇರೆಯೇ. ಅದು ಸುಣ್ಣಕ್ಕೆ ಇರುವ ಲ್ಯಾಟಿನ್ ಪದದಿಂದ ಬಂದದ್ದು.

ಹಾಗಾದರೆ ಒಂದು ಬೂದಿ, ಇನ್ನೊಂದು ಸುಣ್ಣ. ಹೈಪರ್‌ಕಲೀಮಿಯ ಎಂದರೆ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದು, ಹೈಪರ್‌ಕ್ಯಾಲ್ಸೀಮಿಯ ಎಂದರೆ ಕ್ಯಾಲ್ಸಿಯಂ ಹೆಚ್ಚಾಗಿರುವುದು. ಕಿವಿಗೆ ಇವೆರಡರ ನಡುವೆ ಇರುವ ಮುಖ್ಯ ವ್ಯತ್ಯಾಸ ಒಂದು "ಸ್" ಧ್ವನಿ ಮಾತ್ರ. ಹೈಪರ್ ಮತ್ತು ಹೈಪೋ ನಡುವೆಯೂ ಅಷ್ಟೇ. ವೇಗವಾಗಿ ಮಾತನಾಡುವಾಗ, ಅದರಲ್ಲೂ ಮುಂದೆ "ಕ" ಬಂದಾಗ, "ರ್" ಮೆತ್ತಗಾಗಿ ಅಡಗಿಹೋಗುತ್ತದೆ. ಹಿಂದಿನ ಬೆಂಚಿನಲ್ಲಿ ಇಟ್ಟ ಮೊಬೈಲಿಗೆ, ಫ್ಯಾನಿನ ಸದ್ದಿನ ನಡುವೆ, ಈ "ಸ್" ಮತ್ತು "ರ್" ಎಷ್ಟು ಕೇಳಿಸೀತು? ಆದರೆ ಆ ಒಂದೊಂದು ಧ್ವನಿಯ ಮೇಲೆ ರೋಗದ ಹೆಸರೇ ಬದಲಾಗುತ್ತದೆ.

ಮೂರನೆಯ ಕೆಲಸ: ಪದವನ್ನು ಅದರ ನೆರೆಹೊರೆಯಿಂದ ಪರೀಕ್ಷಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಪದದ ಸ್ಪೆಲ್ಲಿಂಗನ್ನು ಪ್ರಶ್ನಿಸಬೇಡಿ; ಆ ಪದದ ಬಗ್ಗೆ ವಾಕ್ಯ ಏನು ಹೇಳುತ್ತಿದೆಯೋ ಅದು ಆ ಪದಕ್ಕೆ ಸಲ್ಲುತ್ತದೆಯೇ ಎಂದು ಪ್ರಶ್ನಿಸಿ.

ಮೊದಲ ಸಾಲಿಗೆ ಮರಳೋಣ. ಇಸಿಜಿಯಲ್ಲಿ `T` ಅಲೆ ಎತ್ತರವಾಗಿ, ಮೊನಚಾಗಿ ಕಾಣುತ್ತದೆ ಎಂದು ಅಲ್ಲಿದೆ. ಪುಸ್ತಕ ತೆರೆದು ನೋಡಿ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾದಾಗ ಇಸಿಜಿಯಲ್ಲಿ ಹೇಳುವ ಮುಖ್ಯ ಲಕ್ಷಣ `QT` ಅಂತರ ಕಿರಿದಾಗುವುದು. ಎತ್ತರದ ಮೊನಚಾದ `T` ಅಲೆ ಪೊಟ್ಯಾಸಿಯಂ ಹೆಚ್ಚಾದುದರ ಪ್ರಸಿದ್ಧ ಗುರುತು. ಪೊಟ್ಯಾಸಿಯಂ ಕಡಿಮೆಯಾದರೆ `T` ಅಲೆ ಚಪ್ಪಟೆಯಾಗಿ, ಅದರ ಹಿಂದೆ `U` ಅಲೆ ಕಾಣಿಸಿಕೊಳ್ಳುತ್ತದೆ. ಹೀಗೆ ಈ ಲಕ್ಷಣ ಸಲ್ಲುವುದು ಹೈಪರ್‌ಕಲೀಮಿಯಕ್ಕೆ.

ಒಂದು ಸಾಕ್ಷಿ ಸಾಲದು, ಎರಡನೆಯದನ್ನು ಹುಡುಕಿ. ಅದು ಮುಂದಿನ ಸಾಲಿನಲ್ಲಿಯೇ ಇದೆ. 25 ಸೆಕೆಂಡುಗಳ ನಂತರ ಅಧ್ಯಾಪಕರು "ಮೊದಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡಿ" ಎನ್ನುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಆಗಲೇ ಹೆಚ್ಚಾಗಿರುವ ರೋಗಿಗೆ ಯಾರಾದರೂ ಕ್ಯಾಲ್ಸಿಯಂ ಕೊಡುತ್ತಾರೆಯೇ? ಪೊಟ್ಯಾಸಿಯಂ ಹೆಚ್ಚಾಗಿ ಹೃದಯದ ಬಡಿತಕ್ಕೆ ಅಪಾಯ ಬಂದಾಗ ಹೃದಯದ ಸ್ನಾಯುವನ್ನು ಕಾಪಾಡಲು ಕೊಡುವ ಔಷಧ ಅದು. ಹೀಗೆ ಎರಡು ಸಾಲುಗಳು ಒಂದಕ್ಕೊಂದು ಜಗಳವಾಡುತ್ತಿದ್ದರೆ ಅವುಗಳಲ್ಲಿ ಒಂದು ಪದ ಸುಳ್ಳು ಎಂದೇ ಅರ್ಥ. ಇಲ್ಲಿ ಎರಡೂ ಸಾಕ್ಷಿಗಳು ಒಂದೇ ಕಡೆ ಬೆರಳು ತೋರಿಸುತ್ತಿವೆ. ಯಂತ್ರವು ಒಂದು "ಸ್" ಸೇರಿಸಿ ಬೂದಿಯನ್ನು ಸುಣ್ಣ ಮಾಡಿದೆ.

ನಾಲ್ಕನೆಯ ಸಾಲಿನಲ್ಲಿ "ಹೈಪರ್ ಕೆಲಿ ಮಿಯಾ" ಎಂದು ಬರೆದಿದೆ. ಕೊನೆಯ ತುಂಡುಗಳನ್ನು ಜೋಡಿಸಿ ಹೈಪರ್‌ಕಲೀಮಿಯ ಎಂದು ತಿದ್ದಿಬಿಡಲು ಕೈ ತುರಿಸುತ್ತದೆ. ಸ್ವಲ್ಪ ನಿಲ್ಲಿ. "ಅಂದ್ರೆ" ನಂತರ ಅಧ್ಯಾಪಕರೇ ಅರ್ಥ ಹೇಳಿದ್ದಾರೆ: ಪೊಟ್ಯಾಸಿಯಂ ಕೆಳಗಿಳಿಯುತ್ತದೆ. ಲ್ಯಾಸಿಕ್ಸ್ ಎಂಬ ಮೂತ್ರವರ್ಧಕ ಮಾಡುವುದೂ ಅದನ್ನೇ, ಮೂತ್ರದ ಜೊತೆ ಪೊಟ್ಯಾಸಿಯಂ ಹೊರಹೋಗುತ್ತದೆ. ಹಾಗಾದರೆ ಅಲ್ಲಿ ಇರಬೇಕಾದದ್ದು ಹೈಪೋಕಲೀಮಿಯ. ನಗು ಬರಿಸುವ ತಪ್ಪನ್ನು ತಿದ್ದುವ ಗಡಿಬಿಡಿಯಲ್ಲಿ ನಾವೇ ನಗು ಬಾರದ ತಪ್ಪನ್ನು ಮಾಡಿಬಿಡುವ ಜಾಗ ಇದು. ಇಲ್ಲಿ ನಮ್ಮ ಕನ್ನಡದ "ಅಂದ್ರೆ" ಸಹಾಯಕ್ಕೆ ಬಂತು ಎಂಬುದನ್ನೂ ಗಮನಿಸಿ. ಅಧ್ಯಾಪಕರು ಅರ್ಥ ಬಿಡಿಸಿ ಹೇಳುವ ಮುನ್ನ ಬರುವ ಪದ ಅದು. ಆದ್ದರಿಂದ ಅದನ್ನು ಕಸವೆಂದು ಅಳಿಸಬೇಡಿ, ಸರಿಯಾಗಿ ಬರೆದಿಟ್ಟುಕೊಳ್ಳಿ.

ಮೂರನೆಯ ಸಾಲು ಸುಲಭ. ಆಲ್ಡೋಸ್ಟೆರೋನ್ ಮೂತ್ರಪಿಂಡಕ್ಕೆ ಸೋಡಿಯಂ ಉಳಿಸಿಕೊಳ್ಳಲು, ಪೊಟ್ಯಾಸಿಯಂ ಹೊರಹಾಕಲು ಹೇಳುವ ಹಾರ್ಮೋನ್. ಸ್ಪೈರೊನೊಲ್ಯಾಕ್ಟೋನ್ ಅದರ ಕೆಲಸವನ್ನು ತಡೆಯುತ್ತದೆ. "ತಡೆಯುತ್ತದೆ" ಎಂಬ ಕ್ರಿಯಾಪದ ಎರಡೂ ಹೆಸರುಗಳಿಗೆ ಒಪ್ಪುತ್ತದೆ. ಹೀಗೆ ಧ್ವನಿ ಮತ್ತು ಅರ್ಥ ಎರಡೂ ಕೂಡಿದರೆ ಪದ ಬಹುಮಟ್ಟಿಗೆ ಸಿಕ್ಕಿದಂತೆಯೇ.

`Replace All` ಏಕೆ ಬೇಡ?

ಈಗ ಐದನೆಯ ಸಾಲು. ಮೊದಲ ಸಾಲಿನಲ್ಲಿ ಹೈಪರ್‌ಕ್ಯಾಲ್ಸೀಮಿಯ ತಪ್ಪು ಎಂದು ಕಂಡುಹಿಡಿದೆವು. ಕಂಪ್ಯೂಟರಿನಲ್ಲಿ `Replace All` ಒತ್ತಿದರೆ ಕ್ಷಣದಲ್ಲಿ ಎಲ್ಲ ಕಡೆ ಬದಲಾಗುತ್ತದೆ. ಆದರೆ 16:20ರಲ್ಲಿ ಅಧ್ಯಾಪಕರು ಡಿಗಾಕ್ಸಿನ್ ಪಡೆಯುತ್ತಿರುವ ರೋಗಿಯ ಬಗ್ಗೆ ಎಚ್ಚರಿಕೆ ಹೇಳುತ್ತಿದ್ದಾರೆ. ಕ್ಯಾಲ್ಸಿಯಂ ಹೆಚ್ಚಾದರೆ ಡಿಗಾಕ್ಸಿನ್‌ನ ವಿಷಪರಿಣಾಮ ಹೆಚ್ಚಬಹುದು ಎಂಬುದು ಪುಸ್ತಕಗಳಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದಿರುವ ಎಚ್ಚರಿಕೆ. ಕ್ಯಾಲ್ಸಿಯಂ ಚುಚ್ಚುಮದ್ದಿನ ಮಾತಿನ ಹಿಂದೆಯೇ ಈ ಎಚ್ಚರಿಕೆ ಬರುವುದು ಸಹಜ. ಅಂದರೆ ಇಲ್ಲಿ ಯಂತ್ರ ಬರೆದದ್ದೇ ಸರಿ.

ಒಂದೇ ಪದ, ನಾಲ್ಕು ನಿಮಿಷದೊಳಗೆ ಎರಡು ಸಲ. ಒಂದು ಕಡೆ ತಪ್ಪು, ಇನ್ನೊಂದು ಕಡೆ ಸರಿ. ಆದ್ದರಿಂದ ಬದಲಾವಣೆಯನ್ನು ಒಂದೊಂದಾಗಿ, ಪ್ರತಿ ಜಾಗದ ವಾಕ್ಯವನ್ನು ಓದಿ ಮಾಡಬೇಕು. `Find Next` ಒತ್ತಿ, ಓದಿ, ನಂತರ `Replace` ಒತ್ತಿ. "ಆಲ್ ಡಸ್ಟ್ ಅರೌಂಡ್" ಮುಂತಾದ ಅರ್ಥವಿಲ್ಲದ ರೂಪಗಳನ್ನು ಮಾತ್ರ ಒಟ್ಟಿಗೆ ಬದಲಿಸಬಹುದು, ಏಕೆಂದರೆ ಪೊಟ್ಯಾಸಿಯಂ ಪಾಠದಲ್ಲಿ ಅವು ನಿಜವಾದ ಅರ್ಥದಲ್ಲಿ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ನಾಲ್ಕನೆಯ ಕೆಲಸ: ಕಿವಿಗೆ ಒಪ್ಪಿಸಿ

ಇಷ್ಟಾದರೂ ಮೂರನೆಯ ಕಾಲಮಿನಲ್ಲಿ ಇರುವುದು ನಮ್ಮ ಊಹೆ. ಒಳ್ಳೆಯ ಊಹೆ, ಆದರೂ ಊಹೆಯೇ. ಅಧ್ಯಾಪಕರು ಏನು ಹೇಳಿದರು ಎಂಬುದಕ್ಕೆ ಸಾಕ್ಷಿ ರೆಕಾರ್ಡಿಂಗ್ ಒಂದೇ. ಸಮಯವನ್ನು ಬರೆದಿಟ್ಟುಕೊಂಡದ್ದು ಇದಕ್ಕಾಗಿಯೇ. ಗುರುತು ಹಾಕಿದ ಜಾಗಕ್ಕಿಂತ ಹತ್ತು ಸೆಕೆಂಡು ಹಿಂದಿನಿಂದ ಕೇಳಿ, ಏಕೆಂದರೆ ವಾಕ್ಯದ ಆರಂಭದಿಂದ ಬಂದರೆ ಕಿವಿ ಅಧ್ಯಾಪಕರ ಉಚ್ಚಾರಣೆಗೆ ಹೊಂದಿಕೊಳ್ಳುತ್ತದೆ. ವೇಗವನ್ನು `0.75`ಕ್ಕೆ ಇಳಿಸಿ. ಅದಕ್ಕಿಂತ ತುಂಬಾ ಕೆಳಗೆ ಇಳಿಸಿದರೆ ವ್ಯಂಜನಗಳು ಮಸುಕಾಗಿ ಇನ್ನಷ್ಟು ಗೊಂದಲವಾಗುತ್ತದೆ. ಇಡೀ ಪದವನ್ನು ಕೇಳಲು ಹೋಗದೆ ಒಂದೇ ಪ್ರಶ್ನೆ ಇಟ್ಟುಕೊಂಡು ಕೇಳಿ. 12:40ರಲ್ಲಿ "ಸ್" ಇದೆಯೋ ಇಲ್ಲವೋ? 15:10ರಲ್ಲಿ "ರ್" ಇದೆಯೋ ಇಲ್ಲವೋ?

ಇಲ್ಲಿ ಒಂದು ಎಚ್ಚರಿಕೆ. ಯಾವ ಪದ ಬರಬೇಕು ಎಂದು ಮೊದಲೇ ತಿಳಿದಿದ್ದರೆ ಕಿವಿಗೆ ಅದೇ ಕೇಳಿಸುತ್ತದೆ. ಆದ್ದರಿಂದ ಅನುಮಾನವಿರುವ ಜಾಗವನ್ನು ಗೆಳೆಯರೊಬ್ಬರಿಗೆ ಕೇಳಿಸಿ. ನೀವು ಏನು ಊಹಿಸಿದ್ದೀರಿ ಎಂದು ಹೇಳಬೇಡಿ. ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ, ಕೇಳಿದ ಹಾಗೆಯೇ ಬರೆದುಕೊಡಿ ಎನ್ನಿ. ನಮ್ಮ ಲಿಪಿಗೆ ಧ್ವನಿಯನ್ನು ಹಿಡಿದಿಡುವ ಶಕ್ತಿ ಚೆನ್ನಾಗಿದೆ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಬರೆಯಲು ಹೋದರೆ ಅವರೂ ತಮಗೆ ಗೊತ್ತಿರುವ ಪದಕ್ಕೆ ಜಾರಿಬಿಡುತ್ತಾರೆ.

ತೀರ್ಮಾನವಾಗದೇ ಉಳಿಯುವ ಪದಗಳು

ಕೊನೆಯ ಸಾಲನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ. ರೋಗಿಯು ರಕ್ತದೊತ್ತಡಕ್ಕೆ "ಆನ್ ಏಪ್ರಿಲ್" ಮಾತ್ರೆ ತೆಗೆದುಕೊಳ್ಳುತ್ತಿದ್ದ ಎಂದು ಅಲ್ಲಿದೆ. "ಪ್ರಿಲ್" ಎಂದು ಕೊನೆಗೊಳ್ಳುವ ರಕ್ತದೊತ್ತಡದ ಔಷಧಗಳ ಒಂದು ಗುಂಪೇ ಇದೆ: ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್. ಧ್ವನಿಗೆ ಎನಲಾಪ್ರಿಲ್ ಹತ್ತಿರ. ಆದರೆ ಇಲ್ಲಿ ನೆರೆಹೊರೆಯ ಪರೀಕ್ಷೆ ನಮಗೆ ನೆರವಾಗುವುದಿಲ್ಲ. ಈ ಗುಂಪಿನ ಎಲ್ಲ ಔಷಧಗಳೂ ಪೊಟ್ಯಾಸಿಯಂ ಹೆಚ್ಚಿಸಬಲ್ಲವು. ವಾಕ್ಯದಲ್ಲಿ ಯಾವುದನ್ನು ಇಟ್ಟರೂ ಅರ್ಥ ಸರಿಯಾಗಿಯೇ ಇರುತ್ತದೆ. ಅರ್ಥ ಕೂಡುತ್ತದೆ ಎಂಬ ಒಂದೇ ಕಾರಣಕ್ಕೆ ಪದವನ್ನು ಖಚಿತವೆಂದು ಬರೆಯಬಾರದು ಎಂಬುದಕ್ಕೆ ಇದು ಉದಾಹರಣೆ. ರೆಕಾರ್ಡಿಂಗಿನಲ್ಲೂ ಸ್ಪಷ್ಟವಾಗದಿದ್ದರೆ "ಪ್ರಿಲ್ ಗುಂಪಿನ ಔಷಧ, ಹೆಸರು ಖಚಿತವಾಗಿಲ್ಲ, 17:45" ಎಂದು ಬರೆದು, ಅಧ್ಯಾಪಕರನ್ನು ಕೇಳಿ. ಹತ್ತು ಪುಟ ಹಿಡಿದುಕೊಂಡು ಹೋಗಿ "ಸರ್, ಇದನ್ನು ನೋಡಿಕೊಡಿ" ಎಂದರೆ ಅವರಿಗೆ ಸಮಯವಿರುವುದಿಲ್ಲ. ಸಮಯದ ಗುರುತು ಹಾಕಿದ ಮೂರು ಪದ ಕೇಳಿದರೆ ಎರಡು ನಿಮಿಷದಲ್ಲಿ ಹೇಳುತ್ತಾರೆ.

ಇನ್ನೂ ಎರಡು ಸಂದರ್ಭಗಳಿವೆ. ಒಂದು, ಒಂದೇ ವಸ್ತುವಿಗೆ ಎರಡು ಹೆಸರು ಇರುವುದು. ಲ್ಯಾಸಿಕ್ಸ್ ಮಾರಾಟದ ಹೆಸರು, ಔಷಧದ ಹೆಸರು ಫ್ಯೂರೊಸೆಮೈಡ್. ಹಳೆಯ ಬ್ರಿಟಿಷ್ ಪದ್ಧತಿಯ ಪುಸ್ತಕಗಳಲ್ಲಿ ಅದು ಫ್ರುಸೆಮೈಡ್. ನಾವು ಸಾಲ್ಬ್ಯುಟಮಾಲ್ ಎನ್ನುವುದನ್ನು ಅಮೆರಿಕದ ಪುಸ್ತಕ ಆಲ್ಬ್ಯುಟೆರಾಲ್ ಎನ್ನುತ್ತದೆ. ಅಧ್ಯಾಪಕರು ಆಲ್ಬ್ಯುಟೆರಾಲ್ ಎಂದಿದ್ದರೆ ಯಂತ್ರ ತಪ್ಪಿದೆ ಎಂದು ಸಾಲ್ಬ್ಯುಟಮಾಲ್ ಮಾಡಬೇಡಿ. ಹೇಳಿದ ಹೆಸರನ್ನು ಹೇಳಿದ ಹಾಗೆ ಬರೆದು, ಪಕ್ಕದಲ್ಲಿ ಇನ್ನೊಂದು ಹೆಸರನ್ನು ಬರೆಯಿರಿ. ಇಲ್ಲದಿದ್ದರೆ ಒಂದೇ ಔಷಧ ನಿಮ್ಮ ಪಟ್ಟಿಯಲ್ಲಿ ಎರಡು ಔಷಧಗಳಾಗಿ ಕುಳಿತುಕೊಳ್ಳುತ್ತದೆ.

ಎರಡು, ರೆಕಾರ್ಡಿಂಗಿನಲ್ಲಿ ಪದ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಪುಸ್ತಕಕ್ಕೆ ವಿರುದ್ಧವಾಗಿದೆ. ಮಾತನಾಡುವ ಭರದಲ್ಲಿ ಹೈಪೋ ಎನ್ನುವ ಕಡೆ ಹೈಪರ್ ಎಂದು ಬಾಯಿತಪ್ಪುವುದು ಯಾರಿಗೂ ಸಹಜ. ಆಗ ಯಂತ್ರದ ತಪ್ಪಲ್ಲ. ಗುಟ್ಟಾಗಿ ತಿದ್ದಿ ಮುಂದೆ ಹೋಗಬೇಡಿ. "ಹೇಳಿದ್ದು ಹೀಗೆ, ಪುಸ್ತಕದಲ್ಲಿ ಹೀಗಿದೆ, ಕೇಳಬೇಕು" ಎಂದು ನಾಲ್ಕನೆಯ ಕಾಲಮಿನಲ್ಲಿ ಬರೆಯಿರಿ.

ಈಗ ನಮ್ಮ ಮಾದರಿಯ ಪಟ್ಟಿ ಹೀಗಾಯಿತು. 12:40, ಹೈಪರ್‌ಕಲೀಮಿಯ: ಇಸಿಜಿ ಲಕ್ಷಣ, ಮುಂದಿನ ಸಾಲಿನ ಔಷಧ, ಕೇಳಿದಾಗ "ಸ್" ಇಲ್ಲ; ಖಚಿತ. 13:05, ಕ್ಯಾಲ್ಸಿಯಂ ಗ್ಲುಕೋನೇಟ್: ಯಂತ್ರ ಬರೆದದ್ದೇ ಸರಿ, ಖಚಿತ. 14:30, ಸ್ಪೈರೊನೊಲ್ಯಾಕ್ಟೋನ್ ಮತ್ತು ಆಲ್ಡೋಸ್ಟೆರೋನ್: ಧ್ವನಿ, ಅರ್ಥ ಎರಡೂ ಕೂಡಿವೆ, ಖಚಿತ. 15:10, ಲ್ಯಾಸಿಕ್ಸ್, ಅಂದರೆ ಫ್ಯೂರೊಸೆಮೈಡ್; ಖಚಿತ. ಅದೇ ಸಾಲಿನ ಹೈಪೋಕಲೀಮಿಯ: ಅಧ್ಯಾಪಕರೇ ಕೊಟ್ಟ ಅರ್ಥದಿಂದ ತಿಳಿದದ್ದು, ಆದರೆ "ರ್" ಇದೆಯೋ ಇಲ್ಲವೋ ಕಿವಿಗೆ ಸ್ಪಷ್ಟವಾಗಲಿಲ್ಲ, ಬಹುಮಟ್ಟಿಗೆ ಖಚಿತ. 16:20, ಡಿಗಾಕ್ಸಿನ್ ಮತ್ತು ಹೈಪರ್‌ಕ್ಯಾಲ್ಸೀಮಿಯ: ಕೇಳಿದಾಗ "ಸ್" ಇದೆ, ಖಚಿತ. 17:45, ಪ್ರಿಲ್ ಗುಂಪಿನ ಔಷಧ, ಕೇಳಬೇಕು.

ಪಟ್ಟಿಯಲ್ಲಿ "ಕೇಳಬೇಕು" ಎಂದು ಉಳಿದ ಸಾಲು ಪಟ್ಟಿಯ ದೋಷವಲ್ಲ. ನಿಮ್ಮ ಪಟ್ಟಿಯನ್ನು ಕಿರಿಯರು ನಕಲು ಮಾಡಿಕೊಳ್ಳುತ್ತಾರೆ. ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ಅವರಿಗೆ ಹೇಳುವುದು ಆ ಒಂದು ಪದವೇ. ಪ್ರಮಾಣದ ಅಂಕಿಗಳಿಗೂ ಇದೇ ನಿಯಮ. "ಟೆನ್ ಎಂಎಲ್" ಎಂದು ಯಂತ್ರ ಬರೆದ ಮಾತ್ರಕ್ಕೆ ಅದು ಹತ್ತು ಆಗುವುದಿಲ್ಲ. ಫಿಫ್ಟೀನ್ ಮತ್ತು ಫಿಫ್ಟಿ ಕಿವಿಗೆ ಎಷ್ಟು ಹತ್ತಿರ ಎಂಬುದು ನಿಮಗೆ ಗೊತ್ತು. ಯಂತ್ರಬರಹದಿಂದ ಎತ್ತಿದ ಯಾವ ಡೋಸನ್ನೂ ಪುಸ್ತಕ ನೋಡದೆ ಬರೆದುಕೊಳ್ಳಬೇಡಿ.

ಈ ವಾರ ನಿಮ್ಮ ಬಳಿ ಇರುವ ಒಂದು ಪಾಠದ ಬರಹವನ್ನು ತೆಗೆದುಕೊಳ್ಳಿ. ಇಡೀ ಪಾಠ ಬೇಡ, ಹತ್ತು ನಿಮಿಷದ ಭಾಗ ಸಾಕು. ನಾಲ್ಕು ಕಾಲಂ ಎಳೆದು ಕುಳಿತುಕೊಳ್ಳಿ. ಕೆಟ್ಟಿರುವ ಪದಗಳಿಗಿಂತ ಮೊದಲು, ಚೆನ್ನಾಗಿ ಕಾಣುವ ಪದಗಳನ್ನು ಒಂದೊಂದಾಗಿ ಅದರ ನೆರೆಯ ಸಾಲಿನ ಜೊತೆ ಇಟ್ಟು ನೋಡಿ.